ಎರಡು ಅಂಕಿ, ಒಂದೇ ಜಾಗ: ಅಕ್ಷಾಂಶ–ರೇಖಾಂಶ ಲೆಕ್ಕ ನಮ್ಮ ಚಿತ್ರದುರ್ಗದಿಂದಲೇ ಕಲಿಯಿರಿ

ಚಿತ್ರದುರ್ಗ: ಹೊಲದಲ್ಲಿ ಕೆಲಸ ಮಾಡುವಾಗ ಯಾರಿಗೋ ಹಾವು ಕಚ್ಚಿತು ಅಂದುಕೊಳ್ಳಿ. ಆಂಬುಲೆನ್ಸ್‌ಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ "ಎಲ್ಲಿದ್ದೀರಿ?". "ಹಿರಿಯೂರು ರಸ್ತೆ, ಬೇವಿನ ಮರ ದಾಟಿ ಎಡಕ್ಕೆ" ಅಂದರೆ ಊರಿನವರಿಗೆ ಗೊತ್ತಾಗುತ್ತೆ. ಬೇರೆ ತಾಲ್ಲೂಕಿನಿಂದ ಬಂದ ಡ್ರೈವರ್‌ಗೆ ಆ ರಸ್ತೆಯಲ್ಲಿ ನೂರು ಬೇವಿನ ಮರ ಕಾಣುತ್ತವೆ. ಅದೇ ಎರಡು ಅಂಕಿ ಓದಿ ಹೇಳಿದರೆ ಗಾಡಿ ನೇರ ಹೊಲದ ಬದುವಿಗೇ ಬರುತ್ತೆ.

ಆ ಎರಡು ಅಂಕಿಗಳೇ ಅಕ್ಷಾಂಶ ಮತ್ತು ರೇಖಾಂಶ. ಮಕ್ಕಳ ಸಮಾಜ ವಿಜ್ಞಾನ ಪುಸ್ತಕದಲ್ಲಿ ಇರುವುದೂ ಇವೇ, ಅಂಗಡಿಯವರು ಮ್ಯಾಪಿಗೆ ತಮ್ಮ ಅಂಗಡಿ ಸೇರಿಸುವಾಗ ಮೊಬೈಲ್ ತೋರಿಸುವುದೂ ಇವೇ. ಚಿತ್ರದುರ್ಗ ನಗರದ ಅಂಕಿ ಸುಮಾರಾಗಿ ಹೀಗಿದೆ: ಅಕ್ಷಾಂಶ 14.23 ಡಿಗ್ರಿ ಉತ್ತರ, ರೇಖಾಂಶ 76.40 ಡಿಗ್ರಿ ಪೂರ್ವ. ಇವು ಎಲ್ಲಿಂದ ಬಂದವು, ಎರಡೂ ಯಾಕೆ ಬೇಕು, ಬರೆಯುವಾಗ ಎಲ್ಲಿ ತಪ್ಪಾಗುತ್ತೆ ಅನ್ನೋದು ಇಲ್ಲಿದೆ.

ಒಂದೇ ಅಂಕಿ ಸಾಲದು ಯಾಕೆ?

ಒಂದು ಕಿತ್ತಳೆ ಹಣ್ಣು ತಗೊಳ್ಳಿ. ತೊಟ್ಟು ಮೇಲೆ ಬರುವಂತೆ ಇಟ್ಟು, ಚಾಕುವಿನಿಂದ ಅಡ್ಡಡ್ಡಲಾಗಿ ಬಿಲ್ಲೆ ಬಿಲ್ಲೆಯಾಗಿ ಕೊಯ್ದರೆ ಸಿಪ್ಪೆಯ ಮೇಲೆ ಬೀಳುವ ದುಂಡು ಗೆರೆಗಳು ಅಕ್ಷಾಂಶದ ಥರ. ಅವು ಒಂದಕ್ಕೊಂದು ಎಲ್ಲೂ ಸೇರಲ್ಲ. ನಡುವಿನ ಬಿಲ್ಲೆ ದೊಡ್ಡದು, ತೊಟ್ಟಿನ ಕಡೆ ಹೋದಂತೆ ಚಿಕ್ಕದಾಗುತ್ತೆ. ಇನ್ನೊಂದು ಕಿತ್ತಳೆಯ ಸಿಪ್ಪೆ ಸುಲಿಯಿರಿ. ತೊಳೆಗಳ ನಡುವಿನ ಗೆರೆ ತೊಟ್ಟಿನಿಂದ ಹೊರಟು ಬುಡಕ್ಕೆ ಹೋಗುತ್ತೆ. ಇವು ರೇಖಾಂಶದ ಥರ. ನಡುವಲ್ಲಿ ದೂರ ದೂರ ಇದ್ದು, ಮೇಲೂ ಕೆಳಗೂ ಒಂದೇ ಕಡೆ ಕೂಡುತ್ತವೆ. ಆ ಕೂಡುವ ಜಾಗಗಳೇ ಉತ್ತರ ಧ್ರುವ, ದಕ್ಷಿಣ ಧ್ರುವ.

ಈಗ "14.23 ಉತ್ತರ" ಅಂತ ಅಕ್ಷಾಂಶ ಮಾತ್ರ ಹೇಳಿದರೆ ಏನಾಗುತ್ತೆ? ಆ ಗೆರೆ ಹಿಡಿದು ಹೊರಟರೆ ಪಶ್ಚಿಮಕ್ಕೆ ಹೊನ್ನಾವರದ ಪಕ್ಕದಲ್ಲೇ ಸಮುದ್ರ ಸಿಗುತ್ತೆ. ಪೂರ್ವಕ್ಕೆ ಹೋದರೆ ಚಿತ್ರದುರ್ಗ ದಾಟಿ, ಆಂಧ್ರದ ಕದಿರಿ, ಗೂಡೂರುಗಳ ಹತ್ತಿರ ಹಾದು, ಬಂಗಾಳ ಕೊಲ್ಲಿ ದಾಟಿ, ಫಿಲಿಪ್ಪೀನ್ಸ್ ದೇಶದ ಮನಿಲಾ ನಗರದ ದಕ್ಷಿಣಕ್ಕೆ ಹಾದುಹೋಗುತ್ತೆ. ಹಾಗೇ ಭೂಮಿ ಸುತ್ತಿ ಮತ್ತೆ ನಮ್ಮ ಊರಿಗೇ ಬರುತ್ತೆ. ಇದರಲ್ಲಿ ಯಾವ ಜಾಗ ಅಂತ ಹೇಗೆ ಹೇಳೋದು?

ಸರಿ, "76.40 ಪೂರ್ವ" ಅಂತ ರೇಖಾಂಶ ಮಾತ್ರ ಹೇಳಿ ನೋಡಿ. ಈ ಗೆರೆ ಉತ್ತರ–ದಕ್ಷಿಣ ಓಡುತ್ತೆ. ಕೇರಳದ ಆಲಪ್ಪುಳದ ಹತ್ತಿರ ಹಾದು, ಚಿತ್ರದುರ್ಗಕ್ಕೆ ಬಂದು, ಮೇಲೆ ಹೊಸಪೇಟೆಗೆ ಹೋಗಿ, ಇನ್ನೂ ಮೇಲೆ ಪಂಜಾಬಿನ ಪಟಿಯಾಲಾ ಮುಟ್ಟುತ್ತೆ. ಹೊಸಪೇಟೆಗೂ ಪಟಿಯಾಲಾಗೂ ನಮಗೂ ರೇಖಾಂಶ ಹೆಚ್ಚುಕಮ್ಮಿ ಒಂದೇ.

ಅಂದರೆ ಒಂದು ಅಂಕಿ ಕೊಟ್ಟರೆ ಒಂದು ಗೆರೆ ಸಿಗುತ್ತೆ, ಜಾಗ ಸಿಗಲ್ಲ. ಎರಡು ಗೆರೆ ಒಂದನ್ನೊಂದು ಕತ್ತರಿಸುವ ಕಡೆ ಮಾತ್ರ ಒಂದೇ ಜಾಗ. ಹೊನ್ನಾವರದ ಪಕ್ಕದ ಗೆರೆಯೂ ಹೊಸಪೇಟೆಯ ಗೆರೆಯೂ ಕೂಡುವ ಜಾಗ ಇಡೀ ಭೂಮಿ ಮೇಲೆ ಒಂದೇ, ಅದು ಚಿತ್ರದುರ್ಗ.

ಸೊನ್ನೆ ಎಲ್ಲಿಂದ ಶುರು?

ಅಕ್ಷಾಂಶದ ಸೊನ್ನೆಯನ್ನು ಯಾರೂ ಆರಿಸಬೇಕಾಗಿಲ್ಲ. ಭೂಮಿ ಬುಗುರಿಯ ಹಾಗೆ ತಿರುಗುತ್ತೆ, ಅದಕ್ಕೆ ಎರಡು ತುದಿ ಇವೆ. ಎರಡೂ ತುದಿಯಿಂದ ಸಮ ದೂರದಲ್ಲಿರುವ ನಡುವಿನ ಗೆರೆ ಸಮಭಾಜಕ ವೃತ್ತ. ಅದೇ 0. ಅಲ್ಲಿಂದ ಉತ್ತರ ಧ್ರುವಕ್ಕೆ 90, ದಕ್ಷಿಣ ಧ್ರುವಕ್ಕೆ 90. ಆದ್ದರಿಂದ ಅಕ್ಷಾಂಶ ಯಾವತ್ತೂ 90 ದಾಟಲ್ಲ.

ರೇಖಾಂಶದ ಗೆರೆಗಳು ಮಾತ್ರ ಎಲ್ಲವೂ ಒಂದೇ ಅಳತೆಯವು. ಯಾವುದನ್ನು ಬೇಕಾದರೂ ಸೊನ್ನೆ ಅನ್ನಬಹುದು. ನಮ್ಮ ಹಳೆಯ ಜ್ಯೋತಿಷ ಶಾಸ್ತ್ರದ ಸಿದ್ಧಾಂತ ಗ್ರಂಥಗಳಲ್ಲಿ ಉಜ್ಜಯಿನಿಯ ಮೇಲೆ ಹಾದುಹೋಗುವ ಗೆರೆಯೇ ಸೊನ್ನೆ ಆಗಿತ್ತು. ಬೇರೆ ಬೇರೆ ದೇಶದವರು ಬೇರೆ ಬೇರೆ ಗೆರೆ ಇಟ್ಟುಕೊಂಡಿದ್ದರು. 1884ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಹಲವು ದೇಶಗಳ ಪ್ರತಿನಿಧಿಗಳು ಸೇರಿ, ಲಂಡನ್ನಿನ ಗ್ರೀನಿಚ್ ಖಗೋಳ ವೀಕ್ಷಣಾಲಯದ ಮೇಲೆ ಹಾಯುವ ಗೆರೆಯನ್ನು 0 ಅಂತ ಒಪ್ಪಿದರು. ಅಲ್ಲಿಂದ ಪೂರ್ವಕ್ಕೆ 180, ಪಶ್ಚಿಮಕ್ಕೆ 180. ನಾವು ಪೂರ್ವದ ಕಡೆ 76.40ರಲ್ಲಿದ್ದೇವೆ.

ಇಲ್ಲಿ ಮಕ್ಕಳು ಒಂದು ವಿಷಯ ಗಮನಿಸಬೇಕು. ಈ ಅಂಕಿಗಳು ಕಿಲೋಮೀಟರ್ ಅಲ್ಲ, ಕೋನ. ಕಂಪಾಸ್ ಬಾಕ್ಸಿನಲ್ಲಿರುವ ಕೋನಮಾಪಕದಲ್ಲಿ ಅಳೆಯುವ ಡಿಗ್ರಿಯೇ ಇದು. ಭೂಮಿಯ ನಡುಮಧ್ಯದಲ್ಲಿ ಕೂತು, ಸಮಭಾಜಕ ವೃತ್ತದ ಕಡೆ ನೋಡಿ, ಅಲ್ಲಿಂದ 14.23 ಡಿಗ್ರಿ ಮೇಲಕ್ಕೆ ಕಣ್ಣು ಎತ್ತಿದರೆ ಚಿತ್ರದುರ್ಗದ ಗೆರೆ.

ಒಂದು ಕೋಲು, ಒಂದು ಮಧ್ಯಾಹ್ನ

ಭೂಮಿಯ ಒಳಗೆ ಹೋಗಿ ಕೂರಲು ಆಗಲ್ಲವಲ್ಲ, ಹಾಗಾದರೆ ಈ ಕೋನ ಅಳೆಯೋದು ಹೇಗೆ? ಮೊಬೈಲ್ ಇಲ್ಲದ ಕಾಲದಲ್ಲೂ ಅಳೆಯುತ್ತಿದ್ದರು, ಸೂರ್ಯನ ನೆರಳಿನಿಂದ. ಶಾಲೆಯ ಮೈದಾನದಲ್ಲಿ ಮಕ್ಕಳೇ ಮಾಡಬಹುದು. ಮಾರ್ಚ್ 21ರ ಆಸುಪಾಸಿನ ದಿನ ಇದಕ್ಕೆ ಸರಿಯಾದ ದಿನ. ಆ ದಿನ ಸೂರ್ಯ ಸಮಭಾಜಕ ವೃತ್ತದ ನೆತ್ತಿ ಮೇಲೆ ಇರುತ್ತಾನೆ.

ಸಮತಟ್ಟಾದ ನೆಲದಲ್ಲಿ 1 ಮೀಟರ್ ಎತ್ತರದ ಕೋಲು ನೆಡಿ. ಕೋಲು ಓರೆ ಇರಬಾರದು. ಗಾರೆ ಕೆಲಸದವರ ತೂಕದ ಗುಂಡು ಅಥವಾ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೇರ ಇದೆಯಾ ನೋಡಿಕೊಳ್ಳಿ. ಬೆಳಗ್ಗೆ ಉದ್ದ ಇರುವ ನೆರಳು ಮಧ್ಯಾಹ್ನದ ಹೊತ್ತಿಗೆ ಚಿಕ್ಕದಾಗಿ, ಆಮೇಲೆ ಮತ್ತೆ ಉದ್ದ ಆಗುತ್ತೆ. ಅತಿ ಚಿಕ್ಕ ನೆರಳು ಚಿತ್ರದುರ್ಗದಲ್ಲಿ ಸುಮಾರು 25 ಸೆಂಟಿಮೀಟರ್ ಇರುತ್ತೆ.

ಈಗ ನೋಟ್‌ಬುಕ್ಕಿನಲ್ಲಿ 10 ಸೆಂ.ಮೀ. ಉದ್ದದ ನೇರ ಗೆರೆ ಎಳೆಯಿರಿ, ಇದು ಕೋಲು. ಅದರ ಬುಡದಿಂದ ಲಂಬವಾಗಿ 2.5 ಸೆಂ.ಮೀ. ಗೆರೆ ಎಳೆಯಿರಿ, ಇದು ನೆರಳು. ಎರಡರ ತುದಿ ಸೇರಿಸಿ. ಕೋಲಿನ ತುದಿಯಲ್ಲಿರುವ ಕೋನವನ್ನು ಕೋನಮಾಪಕದಿಂದ ಅಳೆದರೆ 14 ಡಿಗ್ರಿ ಬರುತ್ತೆ. ಅದೇ ನಮ್ಮ ಅಕ್ಷಾಂಶ! ಆ ದಿನ ಸಮಭಾಜಕ ವೃತ್ತದ ಮೇಲಿರುವ ಊರಿನಲ್ಲಿ ನೆರಳು ಕೋಲಿನ ಬುಡದಲ್ಲೇ ಅಡಗಿರುತ್ತೆ. ನಾವು ಅಲ್ಲಿಂದ ಎಷ್ಟು ಡಿಗ್ರಿ ದೂರ ಇದ್ದೇವೋ ಅಷ್ಟೇ ಡಿಗ್ರಿ ಸೂರ್ಯ ನಮ್ಮ ನೆತ್ತಿಯಿಂದ ವಾಲಿರುತ್ತಾನೆ.

ಅದೇ ಕೋಲು ರೇಖಾಂಶವನ್ನೂ ಹೇಳುತ್ತೆ. ಆದರೆ ಅದಕ್ಕೆ ನೆರಳಿನ ಉದ್ದ ಬೇಡ, ನೆರಳು ಅತಿ ಚಿಕ್ಕದಾದ ಹೊತ್ತು ಬೇಕು. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತೆ. 24 ಗಂಟೆ ಅಂದರೆ 1440 ನಿಮಿಷ. 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 4 ನಿಮಿಷ. ನಮ್ಮ ದೇಶದ ಗಡಿಯಾರವೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ಆ ಗೆರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುತ್ತೆ. ಸೂರ್ಯ ಮೊದಲು ಆ ಗೆರೆಯ ಮೇಲೆ ಬಂದು, ಆಮೇಲೆ ಪಶ್ಚಿಮದಲ್ಲಿರುವ ನಮ್ಮ ಕಡೆ ಬರುತ್ತಾನೆ.

ನೆರಳು ಅತಿ ಚಿಕ್ಕದಾಗುವ ನಿಮಿಷ ಕಣ್ಣಿನಿಂದ ಹಿಡಿಯೋದು ಕಷ್ಟ. ಆ ಹೊತ್ತಿನಲ್ಲಿ ನೆರಳಿನ ಉದ್ದ ಬದಲಾಗೋದೇ ಗೊತ್ತಾಗಲ್ಲ. ಅದಕ್ಕೆ ಒಂದು ಉಪಾಯ ಇದೆ. ಬೆಳಗ್ಗೆ 11 ಗಂಟೆ 31 ನಿಮಿಷಕ್ಕೆ ನೆರಳು ಅಳೆಯಿರಿ, ಸುಮಾರು 37 ಸೆಂ.ಮೀ. ಇರುತ್ತೆ. ಮಧ್ಯಾಹ್ನದ ಮೇಲೆ ನೆರಳು ಮತ್ತೆ ಅಷ್ಟೇ ಉದ್ದ ಯಾವಾಗ ಆಗುತ್ತೆ ಅಂತ ಕಾದು ನೋಡಿ. 1 ಗಂಟೆ 31 ನಿಮಿಷಕ್ಕೆ ಆಯಿತು ಅಂದುಕೊಳ್ಳಿ. ಎರಡರ ಸರಿಯಾದ ನಡುವೆ 12 ಗಂಟೆ 31 ನಿಮಿಷ. ಅದೇ ನಮ್ಮ ಊರಿನ ನಿಜವಾದ ಮಧ್ಯಾಹ್ನ.

ಇದರಲ್ಲಿ 7 ನಿಮಿಷ ಕಳೆಯಬೇಕು. ಯಾಕಂದರೆ ಸೂರ್ಯ ವರ್ಷವಿಡೀ ಗಡಿಯಾರದ ಜೊತೆ ಸರಿಯಾಗಿ ನಡೆಯಲ್ಲ, ಮಾರ್ಚ್ 21ರ ಹೊತ್ತಿಗೆ ಸುಮಾರು 7 ನಿಮಿಷ ಹಿಂದೆ ಇರುತ್ತಾನೆ. ಉಳಿದದ್ದು 12 ಗಂಟೆ 24 ನಿಮಿಷ. ಅಂದರೆ ಸೂರ್ಯ 82.5ರ ಗೆರೆಯಿಂದ ನಮ್ಮ ತಲೆ ಮೇಲೆ ಬರೋಕೆ 24 ನಿಮಿಷ ತಗೊಂಡ. 24 ಭಾಗಿಸು 4, ಬಂದದ್ದು 6 ಡಿಗ್ರಿ. 82.5ರಲ್ಲಿ 6 ಕಳೆದರೆ 76.5. ನಿಜವಾದ ಅಂಕಿ 76.40. ಒಂದು ಕೋಲು ಮತ್ತು ಒಂದು ಗಡಿಯಾರಕ್ಕೆ ಇದು ಒಳ್ಳೆಯ ಉತ್ತರವೇ.

ಆದರೆ ಕೋಲಿನ ಲೆಕ್ಕಕ್ಕೂ ಮಿತಿ ಇದೆ. ಹೊತ್ತು ಹಿಡಿಯುವಾಗ 1 ನಿಮಿಷ ತಪ್ಪಿದರೆ ಕಾಲು ಡಿಗ್ರಿ ವ್ಯತ್ಯಾಸ, ಅಂದರೆ ನಮ್ಮ ಕಡೆ 27 ಕಿಲೋಮೀಟರ್. ಅತಿ ಚಿಕ್ಕ ನೆರಳು ಅಳೆಯುವಾಗ 1 ಸೆಂ.ಮೀ. ತಪ್ಪಿದರೆ ಅರ್ಧ ಡಿಗ್ರಿಗಿಂತ ಜಾಸ್ತಿ, ಸುಮಾರು 60 ಕಿಲೋಮೀಟರ್. ಕೋಲು ಜಿಲ್ಲೆ ತೋರಿಸುತ್ತೆ, ಅಂಗಡಿ ತೋರಿಸಲ್ಲ. ಅಂಗಡಿಯ ಬಾಗಿಲವರೆಗೆ ಬೇಕಾದರೆ ಮೊಬೈಲ್ ಬೇಕು. ಅದು ಆಕಾಶದಲ್ಲಿರುವ ಕನಿಷ್ಠ ನಾಲ್ಕು ಉಪಗ್ರಹಗಳಿಂದ ಸಿಗ್ನಲ್ ಬರಲು ಹಿಡಿದ ಸಮಯವನ್ನು ಅಳೆದು ಇದೇ ಎರಡು ಅಂಕಿ ಲೆಕ್ಕ ಹಾಕುತ್ತೆ.

ಡಿಗ್ರಿಯಿಂದ ಕಿಲೋಮೀಟರ್‌ಗೆ: ದುರ್ಗದಿಂದ ಹಿರಿಯೂರು

ಉತ್ತರ–ದಕ್ಷಿಣ ಹೋಗುವಾಗ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್. ಇದು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಪೂರ್ವ–ಪಶ್ಚಿಮ ಹೋಗುವಾಗ ಹಾಗಲ್ಲ. ಕಿತ್ತಳೆ ತೊಳೆಯ ಗೆರೆಗಳು ಮೇಲೆ ಹೋದಂತೆ ಹತ್ತಿರ ಆಗುತ್ತವಲ್ಲ, ಹಾಗೇ ಒಂದು ಡಿಗ್ರಿ ರೇಖಾಂಶ ಸಮಭಾಜಕ ವೃತ್ತದಲ್ಲಿ 111 ಕಿ.ಮೀ., ನಮ್ಮ ಜಿಲ್ಲೆಯಲ್ಲಿ 108 ಕಿ.ಮೀ., 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ, ಧ್ರುವದಲ್ಲಿ ಸೊನ್ನೆ.

ಹಿರಿಯೂರಿನ ಅಂಕಿ ಸುಮಾರು 13.94 ಉತ್ತರ, 76.62 ಪೂರ್ವ. ಚಿತ್ರದುರ್ಗದ್ದು 14.23, 76.40. ಅಕ್ಷಾಂಶದ ವ್ಯತ್ಯಾಸ 0.29. ಅದನ್ನು 111ರಿಂದ ಗುಣಿಸಿದರೆ 32 ಕಿ.ಮೀ. ಹಿರಿಯೂರಿನ ಅಕ್ಷಾಂಶ ಕಮ್ಮಿ ಇರುವುದರಿಂದ ಅದು ದಕ್ಷಿಣಕ್ಕಿದೆ. ರೇಖಾಂಶದ ವ್ಯತ್ಯಾಸ 0.22. ಅದನ್ನು 108ರಿಂದ ಗುಣಿಸಿದರೆ 24 ಕಿ.ಮೀ. ಹಿರಿಯೂರಿನ ರೇಖಾಂಶ ಜಾಸ್ತಿ ಇರುವುದರಿಂದ ಅದು ಪೂರ್ವಕ್ಕಿದೆ.

ಗ್ರಾಫ್ ಹಾಳೆಯಲ್ಲಿ ಒಂದು ಮನೆಗೆ 1 ಕಿ.ಮೀ. ಅಂತ ಇಟ್ಟುಕೊಂಡು, ದುರ್ಗದಿಂದ 32 ಮನೆ ಕೆಳಗೆ ಹೋಗಿ, 24 ಮನೆ ಬಲಕ್ಕೆ ಹೋಗಿ ಚುಕ್ಕಿ ಇಡಿ. ಅದು ಹಿರಿಯೂರು. ಎರಡು ಚುಕ್ಕಿ ಸೇರಿಸಿ ಸ್ಕೇಲಿನಿಂದ ಅಳೆದರೆ 40 ಮನೆ. ಪೈಥಾಗೊರಸ್ ಪಾಠ ಆಗಿರುವ ಮಕ್ಕಳು ಲೆಕ್ಕ ಮಾಡಿ ನೋಡಬಹುದು: 32ರ ವರ್ಗ 1024, 24ರ ವರ್ಗ 576, ಕೂಡಿದರೆ 1600, ಅದರ ವರ್ಗಮೂಲ 40. ಇದು ಹಕ್ಕಿ ಹಾರುವ ದಾರಿ. ರಸ್ತೆ ಅಂಕುಡೊಂಕು ಇರುವುದರಿಂದ ಬಸ್ಸಿನಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ ಆಗುತ್ತೆ.

ಈಗ ಚಳ್ಳಕೆರೆ ನೋಡಿ: ಸುಮಾರು 14.31, 76.65. ಹಿರಿಯೂರಿಗೂ ಚಳ್ಳಕೆರೆಗೂ ರೇಖಾಂಶ ಹತ್ತತ್ತಿರ ಒಂದೇ. ಹಾಗಾದರೆ ಚಳ್ಳಕೆರೆ ಹಿರಿಯೂರಿನ ಹೆಚ್ಚುಕಮ್ಮಿ ನೇರ ಉತ್ತರಕ್ಕೆ ಇರಬೇಕು. ಮ್ಯಾಪ್ ತೆಗೆದು ನೋಡಿದರೆ ಹಾಗೇ ಇದೆ.

ಎಷ್ಟು ಅಂಕಿ ಬರೆಯಬೇಕು?

ಊರಿಗೆ 14.23 ಸಾಕು, ಅಂಗಡಿಗೆ ಸಾಲದು. ದಶಮಾಂಶ ಬಿಂದುವಿನ ನಂತರ ಎರಡು ಅಂಕಿ ಇದ್ದರೆ ಸುಮಾರು 1 ಕಿಲೋಮೀಟರ್ ಮಟ್ಟಿಗೆ ಗೊತ್ತಾಗುತ್ತೆ. ಮೂರು ಅಂಕಿ ಇದ್ದರೆ 110 ಮೀಟರ್, ಅಂದರೆ ಬೀದಿ ಸಿಗುತ್ತೆ. ನಾಲ್ಕು ಇದ್ದರೆ 11 ಮೀಟರ್, ಅಂದರೆ ಬಾಗಿಲು ಸಿಗುತ್ತೆ. ಐದು ಇದ್ದರೆ 1 ಮೀಟರ್, ಆದರೆ ಮೊಬೈಲ್ ಬಯಲಿನಲ್ಲೂ ಸಾಮಾನ್ಯವಾಗಿ ಕೆಲವು ಮೀಟರ್ ಆಚೀಚೆ ತೋರಿಸುವುದರಿಂದ ಅಷ್ಟು ನಂಬುವಂತಿಲ್ಲ. ನಾಲ್ಕೋ ಐದೋ ಬರೆದುಕೊಂಡರೆ ಸಾಕು.

ತಪ್ಪಾಗುವುದು ಎಲ್ಲಿ, ಹಿಡಿಯುವುದು ಹೇಗೆ?

ಮೊದಲನೇ ತಪ್ಪು, ಅಂಕಿ ಹಿಂದುಮುಂದು ಆಗೋದು. ರೂಢಿ ಏನಂದರೆ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಮ್ಯಾಪಿನಲ್ಲಿ `14.23, 76.40` ಬದಲು `76.40, 14.23` ಟೈಪ್ ಮಾಡಿದರೆ ಅದು ಉತ್ತರ ಧ್ರುವದ ಕಡೆ, ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಹೋಗುತ್ತೆ. ಹಿಡಿಯೋದು ಸುಲಭ. ಕರ್ನಾಟಕದ ಒಳಗೆ ಅಕ್ಷಾಂಶ ಸುಮಾರು 11.5ರಿಂದ 18.5, ರೇಖಾಂಶ 74ರಿಂದ 78.5. ಆದ್ದರಿಂದ ನಮ್ಮ ರಾಜ್ಯದ ಯಾವುದೇ ಜಾಗಕ್ಕೆ ಮೊದಲ ಅಂಕಿ ಹತ್ತರ ಮೇಲೆ ಇಪ್ಪತ್ತರ ಒಳಗೆ, ಎರಡನೆಯದು ಎಪ್ಪತ್ತರ ಮೇಲೆ ಇರಲೇಬೇಕು.

ಎರಡನೇ ತಪ್ಪು, ನಿಮಿಷವನ್ನು ದಶಮಾಂಶ ಅಂದುಕೊಳ್ಳೋದು. ಅಟ್ಲಾಸಿನಲ್ಲಿ ಚಿತ್ರದುರ್ಗದ ಅಕ್ಷಾಂಶ 14 ಡಿಗ್ರಿ 14 ನಿಮಿಷ ಅಂತ ಬರುತ್ತೆ. ಒಂದು ಡಿಗ್ರಿಗೆ 60 ನಿಮಿಷ, ನೂರಲ್ಲ. ಇದು ಗಡಿಯಾರದ ನಿಮಿಷ ಅಲ್ಲ, ಡಿಗ್ರಿಯ 60ನೇ ಒಂದು ಭಾಗ. 14 ನಿಮಿಷವನ್ನು 60ರಿಂದ ಭಾಗಿಸಿದರೆ 0.23. ಆದ್ದರಿಂದ 14.23 ಬರೆಯಬೇಕು. ಹಾಗೇ 14.14 ಅಂತ ಬರೆದರೆ ಗುರುತು 10 ಕಿಲೋಮೀಟರ್ ದಕ್ಷಿಣಕ್ಕೆ ಬೀಳುತ್ತೆ. ಈ ತಪ್ಪು ಬೇಗ ಗೊತ್ತಾಗಲ್ಲ, ಯಾಕಂದರೆ ಜಾಗ ನಮ್ಮ ಕಡೆಯೇ ಇರುತ್ತೆ, ಪಾರ್ಸೆಲ್ ಮಾತ್ರ ಬೇರೆ ಊರಿಗೆ ಹೋಗಿರುತ್ತೆ.

ಮೂರನೆಯದು, ಫೋನಿನಲ್ಲಿ ಹೇಳುವಾಗ ಅಂಕಿ ಅದಲುಬದಲು ಆಗೋದು. 14.2306 ಅನ್ನೋದನ್ನು 14.3206 ಅಂತ ಬರೆದುಕೊಂಡರೆ 10 ಕಿಲೋಮೀಟರ್ ಉತ್ತರಕ್ಕೆ ಹೋದಂತೆ. "ಹದಿನಾಲ್ಕು, ಬಿಂದು, ಎರಡು, ಮೂರು, ಸೊನ್ನೆ, ಆರು" ಅಂತ ಒಂದೊಂದೇ ಹೇಳಿ, ಆ ಕಡೆಯವರಿಂದ ತಿರುಗಿ ಹೇಳಿಸಿಕೊಳ್ಳಬೇಕು. ಮೊಬೈಲ್ ತೆರೆಯ ಮೇಲೆ N ಅಂದರೆ ಉತ್ತರ, E ಅಂದರೆ ಪೂರ್ವ. ಅಕ್ಷರ ಇಲ್ಲದೆ ಬರೀ ಅಂಕಿ ಇದ್ದರೆ ಮುಂದೆ ಮೈನಸ್ ಚಿಹ್ನೆ ಇರಬಾರದು. 14.23ರ ಮುಂದೆ ಮೈನಸ್ ಬಂದರೆ ಅದು ಸಮಭಾಜಕ ವೃತ್ತದ ಆಚೆ, ಹಿಂದೂ ಮಹಾಸಾಗರದ ನಡುವೆ.

ಇನ್ನು ಈ ಎರಡು ಅಂಕಿ ಹೇಳದ ಒಂದು ವಿಷಯವೂ ಇದೆ, ಅದು ಎತ್ತರ. ಕಾಂಪ್ಲೆಕ್ಸಿನ ನೆಲಮಹಡಿಯ ಕಿರಾಣಿ ಅಂಗಡಿಗೂ ಮೂರನೇ ಮಹಡಿಯ ಟ್ಯೂಷನ್ ಸೆಂಟರಿಗೂ ಅಕ್ಷಾಂಶ, ರೇಖಾಂಶ ಒಂದೇ. ಮಹಡಿಯನ್ನು ಬಾಯಲ್ಲೇ ಹೇಳಬೇಕು.

ನಿಮ್ಮ ಅಂಕಿ ತಗೊಳ್ಳೋದು ಹೀಗೆ

ಮೊಬೈಲಿನಲ್ಲಿ ಲೊಕೇಶನ್ ಆನ್ ಮಾಡಿ ಬಾಗಿಲಿನಿಂದ ಹೊರಗೆ, ಬಯಲಿಗೆ ಬನ್ನಿ. ಆರ್‌ಸಿಸಿ ಚಾವಣಿ, ತಗಡಿನ ಶೀಟ್ ಕೆಳಗೆ ನಿಂತರೆ ಉಪಗ್ರಹದ ಸಿಗ್ನಲ್ ಸರಿಯಾಗಿ ಸಿಗದೆ ಗುರುತು ಪಕ್ಕದ ಬೀದಿಗೂ ಹೋಗಬಹುದು. ಮ್ಯಾಪಿನಲ್ಲಿ ನೀಲಿ ಚುಕ್ಕಿಯ ಸುತ್ತ ತೆಳು ನೀಲಿ ವೃತ್ತ ಕಂಡರೆ "ಈ ವೃತ್ತದೊಳಗೆ ಎಲ್ಲೋ ಇದ್ದೀರಿ" ಅಂತ ಅರ್ಥ. ಒಂದೆರಡು ನಿಮಿಷ ನಿಂತು ಅದು ಚಿಕ್ಕದಾಗುವವರೆಗೆ ಕಾಯಿರಿ. ಆಮೇಲೆ ಚುಕ್ಕಿಯ ಮೇಲೆ ಬೆರಳು ಒತ್ತಿ ಹಿಡಿದರೆ ಗುರುತು ಬಿದ್ದು ಎರಡು ಅಂಕಿ ಕಾಣುತ್ತವೆ.

ಅದನ್ನು ಕಾಗದದ ಮೇಲೆ ಬರೆದು ಮನೆ ಬಾಗಿಲ ಒಳಗೆ, ಅಂಗಡಿಯ ಗಲ್ಲಾ ಪಕ್ಕ, ಪಂಪ್‌ಸೆಟ್ ಮನೆಯ ಗೋಡೆ ಮೇಲೆ ಅಂಟಿಸಿ. ಹೊಲದಲ್ಲಿ ನೆಟ್‌ವರ್ಕ್ ಸರಿ ಇಲ್ಲದೆ ಮ್ಯಾಪ್ ತೆರೆಯದಿದ್ದರೂ, ಕಾಲ್ ಸಿಕ್ಕರೆ ಸಾಕು, ಗೋಡೆ ನೋಡಿಕೊಂಡು ಆರನೇ ಕ್ಲಾಸಿನ ಮಗುವೂ ಆ ಎರಡು ಅಂಕಿ ಓದಿ ಹೇಳಬಹುದು.